ಟ್ರೆಬುಷೆ ಅಂದರೆ ಏತಕ್ಕೆ ಕಟ್ಟಿದ ಕವಣೆ

ಪ್ರಶ್ನೆ: ಟ್ರೆಬುಷೆ, ಕ್ಯಾಟಪಲ್ಟ್ ಎರಡೂ ಕಲ್ಲು ಎಸೆಯೋ ಯಂತ್ರ ತಾನೆ? ಎಸೆಯೋ ರೀತಿ, ಭಾರ, ದೂರ ಇದರಲ್ಲೆಲ್ಲ ಏನು ವ್ಯತ್ಯಾಸ?

ಲೆಕ್ಕಕ್ಕೆ ತಗೊಂಡರೆ ಟ್ರೆಬುಷೆಯೂ ಒಂದು ಜಾತಿಯ ಕ್ಯಾಟಪಲ್ಟೇ. ಆದರೆ ಸುಮ್ನೆ ಕ್ಯಾಟಪಲ್ಟ್ ಅಂದಾಗ ಹೆಚ್ಚಿನವರ ಕಣ್ಣಮುಂದೆ ಬರುವುದು ರೋಮನ್ನರ ಓನೇಜರ್. ಅದನ್ನೇ ಪಕ್ಕಕ್ಕಿಟ್ಟು ನೋಡೋಣ.

ಓನೇಜರ್‌ನ ಶಕ್ತಿಯೆಲ್ಲ ಹಗ್ಗದಲ್ಲಿದೆ. ಪ್ರಾಣಿಗಳ ನರ ಅಥವಾ ಕೂದಲಿನಿಂದ ಹೊಸೆದ ಹಗ್ಗದ ದಪ್ಪ ಕಂತೆಯನ್ನು ಚೌಕಟ್ಟಿಗೆ ಅಡ್ಡಲಾಗಿ ಬಿಗಿದು, ನಡುವೆ ಒಂದು ಮರದ ತೋಳು ಸಿಕ್ಕಿಸಿ, ಹಗ್ಗವನ್ನು ಎರಡೂ ತುದಿಯಿಂದ ತಿರುಚುತ್ತಾರೆ. ತೋಳನ್ನು ಕೆಳಕ್ಕೆ ಎಳೆದರೆ ತಿರುಚು ಇನ್ನೂ ಜಾಸ್ತಿಯಾಗುತ್ತದೆ. ಬಿಟ್ಟರೆ ತೋಳು ಮೇಲೆದ್ದು ಮುಂದಿನ ದಿಮ್ಮಿಗೆ ಧಡಾರನೆ ಬಡಿಯುತ್ತದೆ, ಕಲ್ಲು ಹಾರುತ್ತದೆ. ಆ ಬಡಿತಕ್ಕೆ ಇಡೀ ಯಂತ್ರವೇ ಒದೆಯುತ್ತದೆ. ಓನೇಜರ್ ಅಂದರೆ ಕಾಡುಕತ್ತೆ, ಹೆಸರು ಸುಮ್ನೆ ಬಂದಿಲ್ಲ! ಇದನ್ನು ಕಲ್ಲಿನ ಗೋಡೆಯ ಮೇಲಿಟ್ಟರೆ ಗೋಡೆಯೇ ಸಡಿಲವಾಗುತ್ತದೆ ಅಂತ 4ನೇ ಶತಮಾನದ ರೋಮನ್ ಇತಿಹಾಸಕಾರ ಅಮ್ಮಿಯಾನಸ್ ಬರೆದಿದ್ದಾನೆ. ಇನ್ನೊಂದು ತೊಂದರೆ ಹವೆ. ತೇವ ತಗುಲಿದರೆ ಹಗ್ಗದ ಬಿಗಿ ಹೋಗುತ್ತದೆ, ನಿನ್ನೆ ಬಿದ್ದ ಕಡೆ ಇವತ್ತು ಕಲ್ಲು ಬೀಳುವುದಿಲ್ಲ.

ಟ್ರೆಬುಷೆಯಲ್ಲಿ ತಿರುಚುವ ಹಗ್ಗವೇ ಇಲ್ಲ. ಬಾವಿಯಿಂದ ನೀರೆತ್ತುವ ಏತ ನೋಡಿದ್ದೀರಲ್ವಾ? ಹಾಗೇ ಒಂದು ಉದ್ದ ತೊಲೆ. ಅದರ ಗಿಡ್ಡ ತುದಿಗೆ ಭಾರ, ಉದ್ದ ತುದಿಗೆ ಕವಣೆ. ಉದ್ದ ಭಾಗ ಗಿಡ್ಡದಕ್ಕಿಂತ ನಾಲ್ಕೈದು ಪಟ್ಟು ಇರುತ್ತದೆ, ಹಾಗಾಗಿ ಭಾರ ನಿಧಾನವಾಗಿ ಬಿದ್ದರೂ ಆ ತುದಿ ಜೋರಾಗಿ ಸುತ್ತುತ್ತದೆ. ಅದರ ತುದಿಗೆ ಕಟ್ಟಿದ ಕವಣೆ ಚಾಟಿಯ ಹಾಗೆ ಬೀಸಿ ಇನ್ನಷ್ಟು ವೇಗ ಕೊಡುತ್ತದೆ. ಮೊದಮೊದಲು ಚೀನಾದಲ್ಲಿ ಭಾರದ ಬದಲು ಜನರೇ ಹಗ್ಗ ಹಿಡಿದು ಎಳೆಯುತ್ತಿದ್ದರು, ಭಾರ ಕಟ್ಟುವ ರೂಪ ಬಳಕೆಗೆ ಬಂದಿದ್ದು 12ನೇ ಶತಮಾನದ ಹೊತ್ತಿಗೆ.

ಭಾರ ಎಷ್ಟಿರಬೇಕು? ಕಲ್ಲಿನ ನೂರು ಪಟ್ಟು ಅಂತ ಒಂದು ಅಂದಾಜು. ನಾನು ಮಾಡಿದ ಪುಟ್ಟ ಟ್ರೆಬುಷೆಯಲ್ಲಿ 5 ಕಿಲೋ ಮರಳಿನ ಚೀಲ, 50 ಗ್ರಾಂ ಕಲ್ಲು, ಚೀಲ ಬೀಳುವ ಎತ್ತರ 40 ಸೆಂಟಿಮೀಟರ್. R ದೂರ, M ಚೀಲದ ತೂಕ, m ಕಲ್ಲಿನ ತೂಕ, h ಚೀಲ ಬೀಳುವ ಎತ್ತರ. ಒಂಚೂರೂ ನಷ್ಟವಿಲ್ಲ ಅಂದುಕೊಂಡರೆ ದೂರದ ಲೆಕ್ಕ ಹೀಗೆ:

R = 2 × (M/m) × h = 2 × 100 × 0.4 = 80 ಮೀ

ಬಿದ್ದದ್ದು 36 ಮೀಟರ್‌ನಲ್ಲಿ. ಉಳಿದ ಶಕ್ತಿ ತೊಲೆಯನ್ನು ತಿರುಗಿಸುವುದಕ್ಕೆ, ಅಚ್ಚಿನ ತಿಕ್ಕಾಟಕ್ಕೆ, ಕಲ್ಲು ಹೋದಮೇಲೂ ಓಲಾಡುವ ಚೀಲಕ್ಕೆ ಹೋಯಿತು. ಹಾಗಂತ ಕಲ್ಲು ಹಗುರ ಮಾಡುತ್ತಾ ಹೋದರೆ ದೂರ ಹೆಚ್ಚುತ್ತಲೇ ಇರುತ್ತದೆ ಅಂತೇನಿಲ್ಲ. ಇಂಗ್ಲೆಂಡಿನ ವಾರಿಕ್ ಕೋಟೆಯಲ್ಲಿ 18 ಮೀಟರ್ ಎತ್ತರದ ಟ್ರೆಬುಷೆ ಕಟ್ಟಿದ್ದಾರೆ, ಅದರ ಗಿಡ್ಡ ತುದಿಯ ಭಾರ 6 ಟನ್. 2006ರಲ್ಲಿ ಅದು 13 ಕಿಲೋ ಕಲ್ಲನ್ನು 249 ಮೀಟರ್ ಎಸೆಯಿತು. ಅಂದರೆ ಕಲ್ಲಿನ 460 ಪಟ್ಟು ಭಾರ! ಆ ಭಾರ ಬರೀ ಒಂದು ಮೀಟರ್ ಬಿದ್ದರೂ ಮೇಲಿನ ಲೆಕ್ಕದ ಪ್ರಕಾರ 900 ಮೀಟರ್ ದಾಟಬೇಕಿತ್ತು. ಅಷ್ಟು ಹಗುರ ಕಲ್ಲಿಟ್ಟರೆ ಶಕ್ತಿಯ ಬಹುಪಾಲು ತೊಲೆ ಮತ್ತು ಭಾರದಲ್ಲೇ ಉಳಿದುಬಿಡುತ್ತದೆ.

ಇನ್ನು ದೂರ. ಇಲ್ಲೇ ಎಲ್ಲರೂ ಎಡವುವುದು. ಬರೀ ದೂರ ಅಳೆದರೆ ಕ್ಯಾಟಪಲ್ಟ್ ಹಿಂದೆ ಬೀಳುವುದಿಲ್ಲ, ಸುಮಾರು ಮೂರೂವರೆ ಕಿಲೋ ಕಲ್ಲನ್ನು 400 ಮೀಟರ್‌ವರೆಗೆ ಎಸೆದ ಮರುನಿರ್ಮಾಣಗಳಿವೆ. ಟ್ರೆಬುಷೆ ಗೆಲ್ಲುವುದು ತೂಕದಲ್ಲಿ. ಹಗ್ಗವನ್ನು ಒಂದು ಮಿತಿಗಿಂತ ಹೆಚ್ಚು ತಿರುಚಿದರೆ ಹರಿಯುತ್ತದೆ. ಟ್ರೆಬುಷೆಯ ಭಾರದ ಪೆಟ್ಟಿಗೆಗೆ ಮಾತ್ರ ಇನ್ನಷ್ಟು ಮಣ್ಣು, ಕಲ್ಲು ತುಂಬಿಸುತ್ತಾ ಹೋಗಬಹುದು, ತೊಲೆ ತಡೆಯುವವರೆಗೆ. ಹಾಗಾಗಿ ನೂರಾರು ಮೀಟರ್ ದೂರಕ್ಕೆ ಕ್ವಿಂಟಲ್ ತೂಕದ ಕಲ್ಲು ಅಂದರೆ ಅದು ಟ್ರೆಬುಷೆಯ ಕೆಲಸ. ಜೊತೆಗೆ ಭಾರ ಅದೇ, ಎತ್ತರ ಅದೇ, ಕಲ್ಲಿನ ತೂಕವೂ ಅದೇ ಇಟ್ಟರೆ ಗೋಡೆಯ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೊಡೆಯಬಹುದು.

ನೀವೇನಾದರೂ ಮಾಡಿ ನೋಡುವುದಾದರೆ ಕವಣೆಯ ಕಡೆ ಗಮನ ಕೊಡಿ. ಅದರ ಒಂದು ದಾರ ತೊಲೆಗೆ ಗಟ್ಟಿಯಾಗಿ ಕಟ್ಟಿರುತ್ತದೆ, ಇನ್ನೊಂದರ ತುದಿಯ ಬಳೆ ತೊಲೆಯ ತುದಿಯಲ್ಲಿರುವ ಮೊಳೆಗೆ ಸುಮ್ನೆ ಸಿಕ್ಕಿಕೊಂಡಿರುತ್ತದೆ. ಹೊಲದಲ್ಲಿ ಹಕ್ಕಿ ಓಡಿಸುವವರು ಕವಣೆಯ ಒಂದು ತುದಿಯನ್ನು ಬೆರಳಿಗೆ ಸಿಕ್ಕಿಸಿ ಇನ್ನೊಂದನ್ನು ಬಿಡುತ್ತಾರಲ್ಲ, ಅದೇ ಉಪಾಯ. ನನ್ನ ಮೊದಲ ಕಲ್ಲು ಮುಂದೆ ಹೋಗುವ ಬದಲು ಹಿಂದಿದ್ದ ಪಕ್ಕದ ಮನೆಯ ಶೀಟಿನ ಮೇಲೆ ಬಿತ್ತು, ಬೈಗುಳವೂ ಆಯಿತು. ಬಳೆ ಬೇಗ ಜಾರಿತ್ತು, ಅಷ್ಟೇ. ಮೊಳೆಯನ್ನು ಮುಂದಕ್ಕೆ ಕೊಂಚ ಬಗ್ಗಿಸಿದೆ, ಕಲ್ಲು ಮುಂದೆ ಹೋಯಿತು. ಜಾಸ್ತಿ ಬಗ್ಗಿಸಿದಾಗ ಬಳೆ ತಡವಾಗಿ ಬಿಟ್ಟು ಕಲ್ಲು ಎದುರಿಗೇ ನೆಲಕ್ಕೆ ಬಡಿಯಿತು. ಆದ್ದರಿಂದ ದೂರ ಸಾಲದು ಅಂತ ಭಾರ ಹೆಚ್ಚಿಸುವ ಮೊದಲು ಇಕ್ಕಳ ತಗೊಂಡು ಮೊಳೆಯನ್ನು ಸರಿಮಾಡಿ ನೋಡಿ. ಹಿಂದೆ ಯಾರೂ ನಿಲ್ಲದಿರಲಿ.