ಹತ್ತೊಂಬತ್ತನೆಯ ಸೆಕೆಂಡಿನ ಉಸಿರು

ತೀರಿಕೊಂಡ ತಾಯಿಯ ಧ್ವನಿಸಂದೇಶಗಳನ್ನು ರಾತ್ರಿಯೆಲ್ಲ ಕೇಳುತ್ತ ಕೂರುವವರು ಈಚಿನ ವರ್ಷಗಳಲ್ಲಿ ಆಪ್ತಸಮಾಲೋಚನೆಗೆಂದು ನನ್ನ ಬಳಿ ಮತ್ತೆ ಮತ್ತೆ ಬರುತ್ತಿದ್ದಾರೆ. ಹೆಚ್ಚಿನವರು ಹೊರದೇಶದಲ್ಲಿರುವ ಹೆಣ್ಣುಮಕ್ಕಳು. ಅವರಲ್ಲಿ ಒಬ್ಬರ ಪ್ರಕರಣವನ್ನು, ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ. ಮೊದಲ ಮೂರು ಭೇಟಿಗಳಲ್ಲಿ ನಾನು ಅವರ ಕಷ್ಟವನ್ನು ತಪ್ಪಾಗಿ ಅರ್ಥಮಾಡಿಕೊಂಡಿದ್ದೆ. ಅದು ನನ್ನನ್ನು ಇನ್ನೂ ಕಾಡುತ್ತಿದೆ.

ಆಕೆಗೆ ನಲವತ್ತರ ಸಮೀಪದ ವಯಸ್ಸು. ಜರ್ಮನಿಯಲ್ಲಿ ಉದ್ಯೋಗ, ಗಂಡ, ಶಾಲೆಗೆ ಹೋಗುವ ಮಗ. ತಾಯಿ ಮಲೆನಾಡಿನಲ್ಲಿ ಅಣ್ಣನ ಮನೆಯಲ್ಲಿದ್ದರು. ಸೆಪ್ಟೆಂಬರಿನ ಒಂದು ಬೆಳಗಿನ ಜಾವ ಅವರಿಗೆ ಹೃದಯಾಘಾತವಾಯಿತು. ಮಗಳು ವಿಮಾನ ಹಿಡಿದು ಊರು ಮುಟ್ಟುವಷ್ಟರಲ್ಲಿ ಸಂಸ್ಕಾರ ಮುಗಿದಿತ್ತು. ಹದಿಮೂರನೆಯ ದಿನದ ಕಾರ್ಯ ಮುಗಿಸಿ ಆಕೆ ಹಿಂದಿರುಗಿದರು. ಜನವರಿಯಲ್ಲಿ ವಿಡಿಯೊ ಕರೆಯಲ್ಲಿ ನನ್ನೊಡನೆ ಮೊದಲ ಸಲ ಮಾತನಾಡಿದಾಗ ಅವರ ದೂರು ಒಂದೇ: ‘ನಿದ್ದೆ ಇಲ್ಲ ಮೇಡಂ.’

ಎಚ್ಚರವಾಗುತ್ತಿದ್ದುದು ರಾತ್ರಿ ಎರಡೂವರೆಗೆ. ಚಳಿಗಾಲದಲ್ಲಿ ಜರ್ಮನಿ ನಮಗಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ ಎರಡೂವರೆ ಎಂದರೆ ಊರಿನಲ್ಲಿ ಬೆಳಗಿನ ಏಳು. ತಾಯಿ ಕಾಫಿ ಕುಡಿದು, ಮೊಬೈಲ್ ಹಿಡಿದು, ‘ಪುಟ್ಟೀ’ ಎಂದು ಶುರುಮಾಡುತ್ತಿದ್ದ ಹೊತ್ತು ಅದು. ಆಗೆಲ್ಲ ಮಗಳು ಗಾಢ ನಿದ್ದೆಯಲ್ಲಿರುತ್ತಿದ್ದಳು. ಬೆಳಿಗ್ಗೆ ಟ್ರಾಮಿನಲ್ಲಿ ನಿಂತು, ಸಂದೇಶದ ವೇಗವನ್ನು ಒಂದೂವರೆ ಪಟ್ಟಿಗೆ ಏರಿಸಿ ಕೇಳಿ, ಒಂದು ಹೃದಯದ ಚಿಹ್ನೆ ಕಳಿಸಿ ಕೆಲಸಕ್ಕೆ ಹೋಗುತ್ತಿದ್ದಳು. ಈಗ ಅದೇ ಹೊತ್ತಿಗೆ ಕಣ್ಣು ತೆರೆಯುತ್ತದೆ. ಗಂಡನಿಗೆ ಬೆಳಕು ಬೀಳದಂತೆ ರಜಾಯಿಯನ್ನು ತಲೆಯ ಮೇಲೆ ಎಳೆದುಕೊಂಡು, ಇಯರ್‌ಫೋನ್ ಸಿಕ್ಕಿಸಿ, ಮುನ್ನೂರಕ್ಕೂ ಹೆಚ್ಚು ಸಂದೇಶಗಳಲ್ಲಿ ಕೆಲವನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಐದಕ್ಕೆ ಬ್ಯಾಟರಿ ಮುಗಿಯುತ್ತದೆ.

ಇದು ತಾಯಿಯ ಹಂಬಲ ಎಂದುಕೊಂಡೆ. ನಮ್ಮ ವೃತ್ತಿಯಲ್ಲಿ ಹಾಗೆ ಎಂದುಕೊಳ್ಳುವುದು ಬಹಳ ಸುಲಭ. ‘ಹಂಬಲ ಸಹಜ, ಕೇಳಿ, ಅತ್ತುಬಿಡಿ’ ಎಂದೆ. ಆದರೆ ಆಕೆ ಅಳುತ್ತಿರಲಿಲ್ಲ. ಅದನ್ನು ನಾನು ಗಮನಿಸಬೇಕಿತ್ತು.

ನಾಲ್ಕನೆಯ ಭೇಟಿಯಲ್ಲಿ ಕೇಳಿದೆ: ‘ಯಾವುದನ್ನು ಹೆಚ್ಚು ಕೇಳುತ್ತೀರಿ? ನನಗೂ ಕೇಳಿಸುತ್ತೀರಾ?’

ನಲವತ್ತೊಂದು ಸೆಕೆಂಡಿನ ಸಂದೇಶ, ಹಿಂದಿನ ಮಾರ್ಚ್ ತಿಂಗಳದ್ದು. ಅರ್ಧ ದಾರಿಯಲ್ಲಿ ಆಕೆ ನಿಲ್ಲಿಸಿದರು. ‘ಇಲ್ಲಿ. ಕೇಳಿಸಿತಾ?’ ನನಗೆ ಏನೂ ಕೇಳಿಸಿರಲಿಲ್ಲ. ಮತ್ತೆ ಹಚ್ಚಿದರು. ‘ಹತ್ತೊಂಬತ್ತನೆಯ ಸೆಕೆಂಡ್. ಮಾತಿನ ನಡುವೆ ಉಸಿರು ಎಳೆದುಕೊಳ್ಳುತ್ತಾರೆ ನೋಡಿ.’ ಆಮೇಲೆ ಒಂದು ನೋಟ್‌ಬುಕ್ ತೆಗೆದು ಕ್ಯಾಮೆರಾಕ್ಕೆ ಹಿಡಿದರು. ತಾರೀಖು, ಸೆಕೆಂಡು, ಎಷ್ಟು ಸಲ ಉಸಿರು ಕಟ್ಟಿತು ಎಂಬುದು ಮೂರು ಕಾಲಮ್ಮುಗಳಲ್ಲಿತ್ತು. ಹನ್ನೊಂದು ಸಂದೇಶಗಳಿಗೆ ಕೆಂಪು ಗೆರೆ. ‘ಒಂದೂವರೆ ವೇಗದಲ್ಲಿ ಓಡಿಸಿದೆನಲ್ಲ, ಅದಕ್ಕೇ ನನಗೆ ಗೊತ್ತಾಗಲಿಲ್ಲ. ಆರು ತಿಂಗಳು ಮೊದಲೇ ಅಮ್ಮ ಹೇಳಿದ್ದರು.’

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದೆ: ‘ಈ ಸಂದೇಶದಲ್ಲಿ ಅಮ್ಮ ಏನು ಹೇಳುತ್ತಿದ್ದಾರೆ?’

ಆಕೆ ಬಾಯಿ ತೆರೆದು ಹಾಗೆಯೇ ನಿಂತರು. ‘ಸಂಡಿಗೆಯ ವಿಷಯ... ಏನೋ’ ಎಂದರು. ನೂರಕ್ಕೂ ಹೆಚ್ಚು ಸಲ ಕೇಳಿದ ಸಂದೇಶ ಅದು.

ಆಗ ನನಗೆ ಅರ್ಥವಾಯಿತು. ರಜಾಯಿಯ ಒಳಗೆ ನಡೆಯುತ್ತಿದ್ದುದು ತಾಯಿಯ ನೆನಪಲ್ಲ, ಮಗಳ ವಿಚಾರಣೆ. ಆರೋಪಿಯೂ ಆಕೆಯೇ, ನ್ಯಾಯಾಧೀಶರೂ ಆಕೆಯೇ, ಸಾಕ್ಷಿ ಮಾತ್ರ ತಾಯಿಯ ಶ್ವಾಸಕೋಶ. ಹಂಬಲದಿಂದ ಕೇಳುವವರಿಗೆ ಮಾತು ಬಾಯಿಪಾಠವಾಗಿರುತ್ತದೆ, ಅವರು ಅಳುತ್ತಾರೆ, ಅತ್ತ ಮೇಲೆ ಹಗುರಾಗುತ್ತಾರೆ. ತಪ್ಪು ಹುಡುಕುತ್ತ ಕೇಳುವವರಿಗೆ ಮಾತೇ ಕಿವಿಗೆ ಬೀಳುವುದಿಲ್ಲ. ಕೇಳಿ ಮುಗಿಸಿದಾಗ ಎದೆ ಬಿಗಿದಿರುತ್ತದೆ, ಮತ್ತೊಮ್ಮೆ ಕೇಳಲೇಬೇಕು ಅನಿಸುತ್ತದೆ.

ಮತ್ತೆ ಹಚ್ಚಲು ಹೇಳಿದೆ, ಈ ಸಲ ಮಾತಿಗೆ ಕಿವಿಕೊಟ್ಟು. ಹಿನ್ನೆಲೆಯಲ್ಲಿ ಕಾಗೆ. ‘ಪುಟ್ಟೀ, ಬೂದುಗುಂಬಳದ ಸಂಡಿಗೆ ಇಟ್ಟೆ ಈಗ. ಮೊರ, ಬಟ್ಟೆ, ಹಿಟ್ಟಿನ ಪಾತ್ರೆ ಎಲ್ಲ ಒಂದೇ ಸಲ ಮಹಡಿಗೆ ಹೊತ್ತು ತಂದೆ, ನಿನ್ನ ಅಣ್ಣನಿಗೆ ಹೇಳಬೇಡ...’ ಹತ್ತೊಂಬತ್ತನೆಯ ಸೆಕೆಂಡಿನ ಉಸಿರು ಬರುವುದು ಈ ಮಾತಿನ ನಂತರ.

ಇದನ್ನು ಹಿಡಿದು ‘ನೋಡಿ, ಮೆಟ್ಟಿಲು ಹತ್ತಿದ ಏದುಸಿರು, ನಿಮ್ಮ ತಪ್ಪಲ್ಲ’ ಎಂದುಬಿಡಬಹುದಿತ್ತು. ಹೇಳಲಿಲ್ಲ. ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಕಾಠಿಣ್ಯ ಎಂದರು. ನಾನು ಒಪ್ಪುವುದಿಲ್ಲ. ಮೆಟ್ಟಿಲು ಹತ್ತಿದಾಗ ಬರುವ ಏದುಸಿರು ಕೆಲವೊಮ್ಮೆ ಹೃದಯದ ತೊಂದರೆಯ ಲಕ್ಷಣವೂ ಹೌದು. ಇದು ಆಕೆಗೂ ಗೊತ್ತಿತ್ತು. ನಾನು ಕೊಟ್ಟ ಖುಲಾಸೆಯನ್ನು ಅದೇ ರಾತ್ರಿ ಎರಡೂವರೆಗೆ ಆಕೆಯೇ ಮುರಿದುಹಾಕುತ್ತಿದ್ದರು, ಆಮೇಲೆ ನನ್ನ ಮಾತಿನ ಮೇಲಿನ ನಂಬಿಕೆಯೂ ಹೋಗುತ್ತಿತ್ತು. ಬದಲಿಗೆ ಹೇಳಿದೆ: ‘ಇದು ವೈದ್ಯರಿಗೆ ಕೇಳಬೇಕಾದ ಪ್ರಶ್ನೆ. ಅಮ್ಮನನ್ನು ನೋಡುತ್ತಿದ್ದ ಡಾಕ್ಟರಿಗೆ ಒಂದೇ ಒಂದು ಸಲ, ಹಗಲು ಹೊತ್ತಿನಲ್ಲಿ, ನೋಟ್‌ಬುಕ್ ಮುಂದಿಟ್ಟುಕೊಂಡು ಕೇಳಿ.’

ಕೇಳಿದರು. ಏದುಸಿರಿಗೆ ಹತ್ತು ಕಾರಣಗಳಿರುತ್ತವೆ, ಫೋನಿನ ಧ್ವನಿಯಿಂದ ಯಾವುದೆಂದು ತಾವೂ ಹೇಳಲಾರೆವು ಎಂದರಂತೆ ಡಾಕ್ಟರು. ಸಮಾಧಾನದ ಉತ್ತರವಲ್ಲ. ಆದರೆ ಎಷ್ಟು ಕೇಳಿದರೂ ಆ ಧ್ವನಿಯಲ್ಲಿ ತೀರ್ಪು ಸಿಗದು ಎಂಬುದು ಅಂದು ಆಕೆಗೆ ಮನದಟ್ಟಾಯಿತು.

ಅಣ್ಣ ‘ಎಲ್ಲ ಅಳಿಸಿಬಿಡು, ಸತ್ತವರ ದನಿ ರಾತ್ರಿ ಕೇಳಬಾರದು’ ಎಂದಿದ್ದರು. ನಾನು ಅಳಿಸಲು ಯಾರಿಗೂ ಹೇಳುವುದಿಲ್ಲ. ಸತ್ತವರಿಂದ ಮನಸ್ಸನ್ನು ಪೂರ್ತಿ ಕಿತ್ತುಕೊಳ್ಳಬೇಕೆಂಬುದು ಹಳೆಯ ಪಾಠ. 1990ರ ದಶಕದಿಂದ ಡೆನ್ನಿಸ್ ಕ್ಲಾಸ್ ಮೊದಲಾದ ಸಂಶೋಧಕರು, ಸಂಬಂಧ ರೂಪ ಬದಲಿಸಿ ಮುಂದುವರಿಯಬಹುದು ಎಂದು ತೋರಿಸಿದರು. ವರ್ಷವರ್ಷ ತಿಥಿ ಮಾಡುವ ನಮಗೆ ಇದೇನೂ ಹೊಸತಲ್ಲ. ಮೊದಲು ಎಲ್ಲ ಸಂದೇಶಗಳನ್ನು ಲ್ಯಾಪ್‌ಟಾಪಿಗೂ ಇನ್ನೊಂದು ಪೆನ್‌ಡ್ರೈವಿಗೂ ನಕಲು ಮಾಡಿಸಿದೆ. ಫೋನ್ ಕೆಟ್ಟರೆ ಅಮ್ಮನ ದನಿ ಹೋಯಿತು ಎಂಬ ಭಯವೂ ಕೈಯನ್ನು ಮತ್ತೆ ಮತ್ತೆ ಫೋನಿಗೆ ಒಯ್ಯುತ್ತದೆ.

ಆಮೇಲೆ ಹಾಸಿಗೆಯ ಮಾತು. ತಿಂಗಳುಗಟ್ಟಲೆ ಹಾಸಿಗೆಯಲ್ಲಿ ವಿಚಾರಣೆ ನಡೆಸಿದರೆ, ಹಾಸಿಗೆ ಕಂಡೊಡನೆ ಮೈ ಎಚ್ಚರಗೊಳ್ಳುತ್ತದೆ. ಆದ್ದರಿಂದ ಫೋನ್ ಅಡುಗೆಮನೆಯಲ್ಲಿ ಮಲಗಬೇಕು. ಎಚ್ಚರವಾಗಿ ಸುಮಾರು ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕೋಣೆಯಲ್ಲಿ ಮಂದ ಬೆಳಕಿನಲ್ಲಿ ಕೂರಬೇಕು, ತೂಕಡಿಕೆ ಬಂದ ಮೇಲೆಯೇ ಮರಳಬೇಕು. ಗಡಿಯಾರ ನೋಡಬಾರದು, ಅಂದಾಜು ಸಾಕು. ಮೊದಲ ವಾರ ನಿದ್ದೆ ಇನ್ನೂ ಕಡಿಮೆಯಾಗುತ್ತದೆ ಎಂದು ಮುಂಚೆಯೇ ಹೇಳಿದೆ, ಇಲ್ಲದಿದ್ದರೆ ಹೆಚ್ಚಿನವರು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಅಮ್ಮನ ದನಿಗೆ ಸಂಜೆ ಆರೂವರೆ: ಕುರ್ಚಿಯಲ್ಲಿ ಕೂತು, ಒಂದೇ ಸಂದೇಶ, ಒಂದೇ ಸಲ, ಮಾಮೂಲಿ ವೇಗದಲ್ಲಿ. ಕೇಳಿದ ಮೇಲೆ ಅಮ್ಮ ಹೇಳಿದ್ದನ್ನು ಮಗನಿಗೆ ಕನ್ನಡದಲ್ಲಿ ಹೇಳಬೇಕು.

ನಿದ್ದೆ ಸುಧಾರಿಸಲು ಐದು ವಾರ ಹಿಡಿಯಿತು. ವಾರಕ್ಕೊಂದು ರಾತ್ರಿ ಈಗಲೂ ಜಾರುತ್ತಾರೆ. ಸಾಯುವ ಯೋಚನೆ ಬಂದರೆ, ಊಟ ಬಿಟ್ಟರೆ ಕಾಯದೆ ಅಲ್ಲಿಯ ಮನೋವೈದ್ಯರನ್ನು ಕಾಣಬೇಕೆಂದು ಗಂಡನಿಗೂ ಹೇಳಿಟ್ಟಿದ್ದೆ. ಆ ಪ್ರಸಂಗ ಬರಲಿಲ್ಲ.

ಮಾರ್ಚ್ ಕೊನೆಯಲ್ಲಿ ಆಕೆ ಕರೆ ಮಾಡಿದಾಗ ಆ ನಲವತ್ತೊಂದು ಸೆಕೆಂಡಿನ ಕೊನೆಯ ಭಾಗವನ್ನು ತಾವೇ ಹೇಳಿದರು, ಅಮ್ಮನ ಧಾಟಿಯಲ್ಲಿ. ‘ಖಾರದ ಅಳತೆ ನಿನ್ನ ಚಿಕ್ಕಮ್ಮನಿಗೆ ಗೊತ್ತು, ಕೇಳು.’ ಹೇಳುತ್ತ ಹೇಳುತ್ತ ಅತ್ತರು, ನನ್ನೆದುರು ಮೊದಲ ಸಲ. ಮೂಗು ಒರೆಸಿಕೊಂಡು, ಈಗ ಊರಿನಲ್ಲಿ ಗಂಟೆ ಎಷ್ಟಿರಬಹುದು, ಚಿಕ್ಕಮ್ಮ ಎದ್ದಿರುತ್ತಾರಾ ಎಂದು ಕೇಳಿದರು.