ಕುಂಚಿಗಿ ಇಂಗ್ಲಿಷಿಗೆ ಹೋದಾಗ

"ಕನ್ನಡ ಗಾದೆ ಇಂಗ್ಲಿಷಿಗೆ ತಂದ್ರೆ ಸಪ್ಪೆ ಆಗುತ್ತೆ. ನಗು, ಚಿತ್ರ ಎರಡೂ ಉಳಿಯೋ ಹಾಗೆ ಮಾಡೋದು ಹೇಗೆ?"

ನಾನು ಬಾಗಲಕೋಟೆಯವನು. ಇಲ್ಲಿನ ಮಾತಿರುವ ಕಥೆಗಳನ್ನು ಆಗಾಗ ಇಂಗ್ಲಿಷಿಗೆ ಮಾಡುತ್ತೇನೆ. ನನ್ನನ್ನು ವಾರಗಟ್ಟಲೆ ಸತಾಯಿಸಿದ ಒಂದು ಗಾದೆಯ ಕಥೆ ಹೇಳುತ್ತೇನೆ.

ಒಬ್ಬ ರೈತ ಬೋರ್‌ನಲ್ಲಿ ನೀರು ಬೀಳುವ ಮೊದಲೇ ಕಬ್ಬಿನ ಬೀಜಕ್ಕೆ ಮುಂಗಡ ಕೊಟ್ಟಿದ್ದಾನೆ. ನಳದ ಹತ್ತಿರ ನಿಂತ ಮುದುಕಿ ಅನ್ನುತ್ತಾಳೆ: "ಕೂಸು ಹುಟ್ಟೂಕಿಂತ ಮೊದಲ ಕುಂಚಿಗಿ ಹೊಲಿಸಿದ್ರಂತ!" ಕುಂಚಿಗಿ ಅಂದ್ರೆ ಕೂಸಿನ ಟೋಪಿ, ದಕ್ಷಿಣದವರ ಗಾದೆಯಲ್ಲಿ ಅದರ ಜಾಗಕ್ಕೆ ಕುಲಾವಿ ಇದೆ.

ಇಂಗ್ಲಿಷಿನಲ್ಲಿ ಮರಿಯಾಗುವ ಮುಂಚೆ ಕೋಳಿ ಎಣಿಸಬೇಡ ಅನ್ನುವ ಗಾದೆ ಸಿದ್ಧ ಇದೆ. ಅರ್ಥ ಹತ್ತಿರವೇ, ಆದರೆ ಅದು ಬುದ್ಧಿವಾದ. ನಮ್ಮ ಮುದುಕಿ ಬುದ್ಧಿ ಹೇಳುತ್ತಿಲ್ಲ, ಆಡಿಕೊಳ್ಳುತ್ತಿದ್ದಾಳೆ. ಆ ಕೊನೆಯ 'ಅಂತ' ಇದೆಯಲ್ಲ, ಅದರಲ್ಲೇ ಅರ್ಧ ನಗು ಇರೋದು. ನಾ ನೋಡಿಲ್ಲವ್ವ, ಯಾರೋ ಅಂದ್ರು, ಅನ್ನೋ ಧಾಟಿ.

ಸರಿ ಅಂತ ಪದಕ್ಕೆ ಪದ ಇಟ್ಟೆ: 'ಕೂಸು ಹುಟ್ಟುವ ಮುಂಚೆ ಬಾನೆಟ್ ಹೊಲಿಸಿದರು'. ಕನ್ನಡ ಬಾರದ ಗೆಳೆಯನಿಗೆ ಓದಿದೆ. "ಒಳ್ಳೇದೇ ಅಲ್ವಾ, ಮೊದಲೇ ತಯಾರಿ ಮಾಡಿಕೊಂಡಿದ್ದಾರೆ" ಅಂದ! ಆಗ ತಪ್ಪು ಗೊತ್ತಾಯಿತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೆರಿಗೆಗೆ ಮುಂಚೆ ಕೂಸಿಗೆ ಹೊಸ ಬಟ್ಟೆ ತರುವುದಿಲ್ಲ, ಮೊದಲಿಗೆ ಹಳೇ ಮೆತ್ತನೆ ಸೀರೆಯಲ್ಲೇ ಸುತ್ತುತ್ತಾರೆ. ಅಂಥದ್ದರಲ್ಲಿ ಗುಳೇದಗುಡ್ಡದ ಖಣ ತಂದು, ಬೆನ್ನ ಮೇಲೆ ಇಳಿಬೀಳುವ ಕುಂಚಿಗಿ ಹೊಲಿಸಿದರೆ ಊರು ನಗದೇ ಇರುತ್ತಾ? ಗೆಳೆಯನ ಕಡೆಯವರಲ್ಲಿ ತೊಟ್ಟಿಲು, ಟೋಪಿ ಎಲ್ಲ ಮೊದಲೇ ಬಂದಿರುತ್ತೆ. ಪದ ದಾಟಿತು, ಪೆದ್ದುತನ ಈ ದಡದಲ್ಲೇ ಉಳಿಯಿತು.

ಹಾಗಾಗಿ ಕುಂಚಿಗಿಯನ್ನು ಮುಟ್ಟದೆ, ಹೊಲಿಸಿದ ಹೊತ್ತನ್ನು ಹಿಂದಕ್ಕೆ ಸರಿಸಿದೆ. ಹುಟ್ಟುವ ಮುಂಚೆ ಅಲ್ಲ, ಬಸುರಿನ ಸುಳಿವೂ ಇಲ್ಲದಾಗ. ಕೊನೆಗೆ ನಿಂತ ಸಾಲು: 'ಬೆಲ್ಲೀಸ್ ಸ್ಟಿಲ್ ಫ್ಲಾಟ್, ಬಟ್ ದ ಬಾನೆಟ್ಸ್ ಸ್ಟಿಚ್ಡ್, ಐ ಹಿಯರ್.' ಅಂದ್ರೆ ಹೊಟ್ಟೆ ಇನ್ನೂ ಚಪ್ಪಟೆ, ಬಾನೆಟ್ ಮಾತ್ರ ಹೊಲಿದಾಗಿದೆ ಅಂತ. ಕೂಸು–ಕುಂಚಿಗಿಯ 'ಕ' ಹೋಯಿತು, ಅದರ ಜಾಗಕ್ಕೆ 'ಬ' ಬಂತು. 'ಅಂತ' ಹೋಗಿ 'ಐ ಹಿಯರ್' ಆಯಿತು. ಅದನ್ನು ಕೊನೆಯಲ್ಲೇ ಇಡಬೇಕು, ಮುಂದೆ ತಂದರೆ ಸುಮ್ನೆ ಸುದ್ದಿ ಹೇಳಿದ ಹಾಗಾಗುತ್ತೆ. 'ಸ್ಟಿಚ್ಡ್' ಬೇಕೇ ಬೇಕು, ಇಲ್ಲದಿದ್ದರೆ ನಮ್ಮವರು ಕಾರಿನ ಬಾನೆಟ್ ಅಂದ್ಕೋತಾರೆ.

ಇದನ್ನು ಓದಿದಾಗ ಗೆಳೆಯನನ್ನು "ಅರ್ಥ ಆಯ್ತಾ?" ಅಂತ ಕೇಳಲಿಲ್ಲ. "ಯಾರನ್ನ ನೋಡಿ ನಗ್ತಿದಾಳೆ?" ಅಂದೆ. "ಆ ರೈತನ್ನ" ಅಂದ, ನಗುತ್ತಲೇ.

ಒಂದು ತೊಡಕು ಉಳಿದಿದೆ. ಹೊಟ್ಟೆಯ ಮಾತು ಬಂದಿದ್ದರಿಂದ ಸಾಲು ಮೂಲಕ್ಕಿಂತ ಸ್ವಲ್ಪ ಒರಟಾಯಿತು. ಮುದುಕಿಯ ಬಾಯಲ್ಲಿ ಒಪ್ಪುತ್ತೆ. ಅದೇ ಕಥೆಯಲ್ಲಿ ಮುಂದೆ ಸೊಸೆಯೂ ಮಾವನ ಎದುರು ಈ ಗಾದೆ ಆಡುತ್ತಾಳೆ, ಅಲ್ಲಿಗೆ ಬೇರೆ ಸಾಲು ಇನ್ನೂ ಹುಡುಕ್ತಾ ಇದ್ದೇನೆ.