ಕುರ್ಚಿ ಕೊಳ್ಳುವ ಮೊದಲು ಮೊಣಕೈ ಅಳೆಯಿರಿ

"ದಿನಾ ನಾಲ್ಕೈದು ಗಂಟೆ ಗೇಮ್ ಆಡ್ತೀನಿ. ಒಂದು ಗಂಟೆ ಆಗೋಷ್ಟರಲ್ಲಿ ಭುಜ, ಕುತ್ತಿಗೆ ಹಿಡ್ಕೊಳ್ಳುತ್ತೆ. ಗೇಮಿಂಗ್ ಚೇರ್ ತಗೊಂಡ್ರೆ ಸರಿ ಹೋಗುತ್ತಾ, ಇಲ್ಲ ಟೇಬಲ್ಲೂ ಬದಲಾಯಿಸ್ಬೇಕಾ?"

ಭುಜ, ಕುತ್ತಿಗೆ ಅಂದ ಕೂಡಲೇ ನನಗೆ ಅನುಮಾನ ಬರುವುದು ಟೇಬಲ್ ಮೇಲೆ. ನಾನು ಇದನ್ನು ಉಲ್ಟಾ ಮಾಡಿ ದುಡ್ಡು ಕಳೆದುಕೊಂಡವನು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಂದು ಟೇಪ್ ಹುಡುಕಿ. ಗಟ್ಟಿ ಸೀಟಿನ ಯಾವುದಾದರೂ ಕುರ್ಚಿ ಅಥವಾ ಸ್ಟೂಲ್ ಮೇಲೆ ಪಾದ ಪೂರ್ತಿ ನೆಲಕ್ಕೆ ತಾಗುವ ಹಾಗೆ ಕೂತುಕೊಳ್ಳಿ. ಭುಜ ಸಡಿಲ ಬಿಡಿ, ತೋಳು ಸುಮ್ನೆ ಇಳಿಬೀಳಲಿ, ಮೊಣಕೈ ಮಾತ್ರ ಮಡಚಿ. ಈಗ ಎರಡು ಅಳತೆ ಬೇಕು. ನೆಲದಿಂದ ಮಂಡಿಯ ಹಿಂಭಾಗದವರೆಗೆ ಒಂದು, ಸೀಟಿನಿಂದ ಮೊಣಕೈಯ ಕೆಳಭಾಗದವರೆಗೆ ಇನ್ನೊಂದು. ಎರಡನ್ನೂ ಕೂಡಿಸಿದರೆ ನಿಮ್ಮ ಕೀಬೋರ್ಡ್, ಮೌಸ್ ಹೆಚ್ಚು ಕಡಿಮೆ ಯಾವ ಎತ್ತರದಲ್ಲಿ ಇರಬೇಕು ಅನ್ನುವುದು ಸಿಗುತ್ತದೆ.

ನನ್ನ ಲೆಕ್ಕ ಹೇಳುತ್ತೇನೆ. ನನ್ನ ಎತ್ತರ 165 ಸೆಂ.ಮೀ. ಮಂಡಿವರೆಗೆ 41, ಸೀಟಿನಿಂದ ಮೊಣಕೈಗೆ 23, ಒಟ್ಟು 64. ನನ್ನ ಟೇಬಲ್ ಎಷ್ಟಿತ್ತು ಗೊತ್ತಾ? 75. ಸಾಮಾನ್ಯವಾಗಿ ಸಿಗುವ ಟೇಬಲ್‌ಗಳೆಲ್ಲ 72ರಿಂದ 76ರೊಳಗೇ ಇರುತ್ತವೆ. 185 ಸೆಂ.ಮೀ. ಇರುವವರಿಗೆ ಅದು ಚೆನ್ನಾಗಿ ಹೊಂದಬಹುದು. ನನಗೆ ಮಾತ್ರ 11 ಸೆಂ.ಮೀ. ಜಾಸ್ತಿ.

ಆ 11 ಸೆಂ.ಮೀ. ಎಲ್ಲಿಗೆ ಹೋಗುತ್ತದೆ? ಭುಜಕ್ಕೆ. ಕೈ ಟೇಬಲ್ ಮೇಲೆ ಬರಬೇಕಾದರೆ ಭುಜ ಮೇಲೆತ್ತಲೇಬೇಕು, ಒಂದು ಮ್ಯಾಚ್ ಪೂರ್ತಿ ಅದು ಕಿವಿ ಕಡೆಗೆ ಎದ್ದುಕೊಂಡೇ ಇರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಸರಿ, ಕುರ್ಚಿ ಎತ್ತರಿಸೋಣ ಅಂದರೆ ಕಾಲು ನೇತಾಡುತ್ತದೆ. ಸೀಟಿನ ಅಂಚು ತೊಡೆಯನ್ನು ಒತ್ತುತ್ತದೆ, ಪಾದ ಜೋಮು ಹಿಡಿಯುತ್ತದೆ. ನೆಲ ತಾಗಲಿ ಅಂತ ನಾವು ಮೆಲ್ಲಗೆ ಸೀಟಿನ ಮುಂದಿನ ತುದಿಗೆ ಜಾರುತ್ತೇವೆ. ಅಲ್ಲಿಗೆ ಬೆನ್ನಿಗೂ ಕುರ್ಚಿಗೂ ಸಂಬಂಧ ಮುಗಿಯಿತು. ಆಮೇಲೆ "ಈ ಕುರ್ಚಿಯಲ್ಲಿ ಬೆನ್ನಿಗೆ ಸಪೋರ್ಟೇ ಇಲ್ಲ" ಅಂತ ಹೊಸದು ಹುಡುಕಲು ಶುರು.

ನಾನೂ ಹಾಗೇ ರೇಸಿಂಗ್ ಕಾರಿನ ಸೀಟಿನಂತಿದ್ದ ಒಂದು ಕುರ್ಚಿ ತಂದೆ. ಅದರ ಅಕ್ಕಪಕ್ಕದ ರೆಕ್ಕೆಗಳಿವೆಯಲ್ಲ, ಅವು ಇರುವುದು ಕಾರು ತಿರುವಿನಲ್ಲಿ ಓಡುವಾಗ ಮೈ ವಾಲದಂತೆ ಹಿಡಿಯಲು. ಟೇಬಲ್ ಮುಂದೆ ನಾನು ಯಾವ ತಿರುವೂ ತಿರುಗುತ್ತಿರಲಿಲ್ಲ, ಅವು ಸುಮ್ನೆ ಭುಜವನ್ನು ಮುಂದಕ್ಕೆ ತಳ್ಳುತ್ತಿದ್ದವು. ಸೀಟು ನನ್ನ ತೊಡೆಗಿಂತ ಉದ್ದ. ಕೈ ಆನಿಸುವ ಹಿಡಿಗಳು ಟೇಬಲ್ ಅಂಚಿಗೆ ಬಡಿಯುತ್ತಿದ್ದರಿಂದ ಕುರ್ಚಿ ಹತ್ತಿರ ಬರುತ್ತಲೇ ಇರಲಿಲ್ಲ, ನಾನೇ ಬಗ್ಗಿ ಆಡುತ್ತಿದ್ದೆ. 180 ಡಿಗ್ರಿ ಹಿಂದಕ್ಕೆ ಮಲಗುತ್ತದೆ ಅಂತ ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕಿದ್ದರು. ಮಲಗಿಕೊಂಡು ಯಾರು ಗೇಮ್ ಆಡುತ್ತಾರೆ ಸ್ವಾಮಿ?

ಕೊನೆಗೆ ಸರಿ ಮಾಡಿದ್ದು ಹೀಗೆ. ಟೇಬಲ್ 75, ಅದರಿಂದ 23 ಕಳೆದರೆ 52. ಸೀಟು ಅಷ್ಟು ಎತ್ತರಕ್ಕೆ ಬರಬೇಕು, ಅದೂ ನಾನು ಕೂತು ಕುಶನ್ ತಗ್ಗಿದ ಮೇಲೆ. ನನ್ನ ಕಾಲಿಗೆ ಬೇಕಾದದ್ದು 41, ಹಾಗಾಗಿ ಪಾದದ ಕೆಳಗೆ 11 ಸೆಂ.ಮೀ. ಎತ್ತರದ ಮಣೆ. ಎರಡೂ ಪಾದ ಆಚೀಚೆ ಆಡುವಷ್ಟು ಅಗಲ ಇರಲಿ, ಇಲ್ಲದಿದ್ದರೆ ಕಾಲು ಒಂದೇ ಕಡೆ ಕಟ್ಟಿಹಾಕಿದಂತಾಗುತ್ತದೆ. ಒಂದು ವಿಷಯ ನಾನು ಮರೆತಿದ್ದೆ. ಕುರ್ಚಿ ಏರಿದಾಗ ಕಣ್ಣೂ ಮೇಲೆ ಹೋಯಿತು, ಮಾನಿಟರ್ ಅಲ್ಲೇ ಉಳಿಯಿತು, ಒಂದು ವಾರ ಕುತ್ತಿಗೆ ಬಗ್ಗಿಸಿಯೇ ಆಡಿದೆ. ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲೋ ಸ್ವಲ್ಪ ಕೆಳಗೋ ಇರಬೇಕು.

ಮರದ ಟೇಬಲ್ ಆದರೆ ಕಾಲು ಕತ್ತರಿಸುವುದು ಇನ್ನೂ ಒಳ್ಳೆಯದು, ಆದರೆ ತೊಡೆಗೆ ಜಾಗ ಉಳಿಯುತ್ತದಾ ನೋಡಿಕೊಳ್ಳಿ. ಕೆಳಗೆ ಎಳೆಯುವ ಕೀಬೋರ್ಡ್ ಟ್ರೇ ನನಗೆ ಹಿಡಿಸಲಿಲ್ಲ. ಅಲುಗಾಡುತ್ತದೆ, ಮೌಸ್ ಆಡಿಸಲು ಜಾಗ ಸಾಲದು.

ಎತ್ತರ ಬದಲಾಯಿಸುವ ಟೇಬಲ್ ತಗೊಳ್ಳುವುದಾದರೆ ಎಲ್ಲರೂ ಎಷ್ಟು ಮೇಲೆ ಹೋಗುತ್ತದೆ ಅಂತ ನೋಡುತ್ತಾರೆ. ನೀವು ಎಷ್ಟು ಕೆಳಗೆ ಬರುತ್ತದೆ ಅಂತ ನೋಡಿ. ಕಾಲಿನ ಕೊಳವೆಗಳು ಒಂದರೊಳಗೊಂದು ಜಾರುತ್ತವಲ್ಲ, ಅಂಥ ಎರಡು ಹಂತದ ಕಾಲಿನವು ಬಹಳಷ್ಟು 70ರ ಆಸುಪಾಸಿನಲ್ಲೇ ನಿಂತುಬಿಡುತ್ತವೆ. ಮೂರು ಹಂತದ ಕಾಲಿನವು ಸಾಮಾನ್ಯವಾಗಿ 60-65ರವರೆಗೆ ಇಳಿಯುತ್ತವೆ. ಕೊಟ್ಟಿರುವ ಅಂಕಿ ಬರೀ ಫ್ರೇಮಿನದ್ದೂ ಆಗಿರಬಹುದು, ಮೇಲಿನ ಹಲಗೆಯ ದಪ್ಪ ಸೇರಿಸಿ ಲೆಕ್ಕ ಹಾಕಿ. ಕುಳ್ಳಗಿರುವವರು ಇದನ್ನು ನೋಡದೆ ಕೊಂಡರೆ ಮೋಟಾರ್ ಇದ್ದೂ ಮತ್ತೆ ಮಣೆಯೇ ಗತಿ.

ಕುರ್ಚಿಯಲ್ಲಿ ನಾನು ನೋಡುವುದು ಎತ್ತರ ಬಿಟ್ಟರೆ ಎರಡೇ. ಬೆನ್ನು ಪೂರ್ತಿ ಹಿಂದಕ್ಕೆ ಆನಿಸಿ ಕೂತಾಗ ಸೀಟಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳು ಹಿಡಿಸಬೇಕು. ಹಿಡಿಸದಿದ್ದರೆ ಆ ಸೀಟು ನಿಮಗೆ ಉದ್ದ, ಎಷ್ಟೇ ದುಬಾರಿ ಇರಲಿ. ಕೆಲವು ಕುರ್ಚಿಗಳಲ್ಲಿ ಸೀಟನ್ನು ಹಿಂದೆ ಮುಂದೆ ಜಾರಿಸಬಹುದು. ನನ್ನ ಲೆಕ್ಕದಲ್ಲಿ ಹಣ ಕೊಡಲು ಯೋಗ್ಯವಾದ ಸೌಕರ್ಯ ಅದು. ಇನ್ನು ಕೈ ಹಿಡಿಗಳು ಟೇಬಲ್ ಕೆಳಗೆ ತೂರುವಷ್ಟು ಇಳಿಯಬೇಕು, ಅಥವಾ ತೆಗೆದುಹಾಕುವಂತಿರಬೇಕು. ಮೌಸ್ ಸೆನ್ಸಿಟಿವಿಟಿ ಕಡಿಮೆ ಇಟ್ಟು ಇಡೀ ತೋಳು ಬೀಸಿ ಆಡುವವರಿಗೆ ಅವು ಅಡ್ಡವೇ ಜಾಸ್ತಿ. ಅಂಥವರಿಗೆ ಮುಂಗೈ ಟೇಬಲ್ ಮೇಲೆ ಒರಗುವಷ್ಟು, ಅಂದರೆ 70 ಸೆಂ.ಮೀ.ಗಿಂತ ಆಳದ ಟೇಬಲ್ ಇದ್ದರೆ ಒಳ್ಳೆಯದು.

ದುಡ್ಡು ಉಳಿಸಬೇಕಾ? ಆಫೀಸಿನಲ್ಲಿ ಬಳಸಿದ ಹಳೆಯ ಒಳ್ಳೆ ಕುರ್ಚಿ ಹೊಸ ಗೇಮಿಂಗ್ ಕುರ್ಚಿಗಿಂತ ಎಷ್ಟೋ ವಾಸಿ. ನೋಡಲು ಹೋದಾಗ ಪೂರ್ತಿ ಮೇಲೆತ್ತಿ ಹತ್ತು ನಿಮಿಷ ಕೂತೇ ಇರಿ. ಕೆಳಗಿಳಿದರೆ ಗ್ಯಾಸ್ ಲಿಫ್ಟ್ ಹೋಗಿದೆ. ಅದನ್ನು ಬದಲಾಯಿಸಬಹುದು, ಆದರೆ ಬೆಲೆ ಇಳಿಸಿ ಕೇಳಿ. ಸೀಟನ್ನು ಮುಷ್ಟಿಯಿಂದ ಒತ್ತಿ. ಒಳಗಿನ ಹಲಗೆ ಕೈಗೆ ಸಿಕ್ಕಿದರೆ ಫೋಮ್ ಸತ್ತಿದೆ, ಬಿಟ್ಟು ಬನ್ನಿ.

ಬೆರಳು ಮರಗಟ್ಟುತ್ತಿದ್ದರೆ, ನೋವು ತೋಳಿನುದ್ದಕ್ಕೂ ಇಳಿಯುತ್ತಿದ್ದರೆ ಡಾಕ್ಟರಿಗೆ ತೋರಿಸಿ, ಅದು ಪೀಠೋಪಕರಣದ ವಿಷಯ ಅಲ್ಲ.

ಉಳಿದಂತೆ ಇವತ್ತು ರಾತ್ರಿಯೇ ಈಗಿರುವ ಕುರ್ಚಿಯನ್ನು ಮೊಣಕೈ ಟೇಬಲ್ ಮಟ್ಟಕ್ಕೆ ಬರುವಷ್ಟು ಎತ್ತರಿಸಿ (ಏರದ ಕುರ್ಚಿಯಾದರೆ ಗಟ್ಟಿ ದಿಂಬು ಹಾಕಿ), ಕಾಲ ಕೆಳಗೆ ಹಳೆಯ ದಪ್ಪ ಪುಸ್ತಕಗಳನ್ನು ಜೋಡಿಸಿ, ಮೂರು ದಿನ ಆಡಿ. ಭುಜ ಹಗುರ ಆದರೆ ಕುರ್ಚಿ ಕೊಳ್ಳಬೇಡಿ, ಒಂದು ಮಣೆ ಮಾಡಿಸಿಕೊಳ್ಳಿ. ಆಗದಿದ್ದರೆ ಮೇಲೆ ಹೇಳಿದ ಎರಡು ಅಳತೆ, ಟೇಬಲ್ ಎತ್ತರ ಇಲ್ಲಿ ಹಾಕಿ, ನೋಡೋಣ.